ಹಳೆಯ ಸ್ಟುಡಿಯೋ ಚಿತ್ರದಲ್ಲಿರುವವರ ಚಹರೆಯನ್ನು ಬರೆಯುವಾಗ ಎಲ್ಲಿ ನಿಲ್ಲಬೇಕು?

ಸಂಗ್ರಹದ ಕೆಲಸದವಳು

ಎಲ್ಲರಿಗೂ ನಮಸ್ಕಾರ. ನಮ್ಮ ಊರಿನ ಗ್ರಂಥಾಲಯಕ್ಕೆ ಹಲವು ಮನೆತನಗಳವರು ಹಳೆಯ ಸ್ಟುಡಿಯೋ ಚಿತ್ರಗಳನ್ನು ಕೊಟ್ಟಿದ್ದಾರೆ. ಅವನ್ನು ಸ್ಕ್ಯಾನ್ ಮಾಡಿ ಜಾಲತಾಣದಲ್ಲಿ ಹಾಕುತ್ತಿದ್ದೇವೆ. ಪ್ರತಿ ಚಿತ್ರಕ್ಕೂ ಒಂದು ವಿವರಣೆ ಬರೆಯಬೇಕಾಗಿದೆ. ಕಣ್ಣು ಕಾಣದ ಓದುಗರು ಫೋನಿನಲ್ಲಿ ಅಥವಾ ಕಂಪ್ಯೂಟರಿನಲ್ಲಿ ಕೇಳಿಸಿಕೊಳ್ಳುವುದಕ್ಕೂ, ಮುಂದೆ ಯಾರಾದರೂ ಹುಡುಕಿದಾಗ ಚಿತ್ರ ಸಿಗುವುದಕ್ಕೂ ಅದೇ ವಿವರಣೆ ಆಧಾರವಾಗುತ್ತದೆ. ಹೆಸರು, ಊರು, ವರ್ಷ ಯಾವುದೂ ಗೊತ್ತಿಲ್ಲದ ಚಿತ್ರವೊಂದಕ್ಕೆ ನಮ್ಮ ಸ್ವಯಂಸೇವಕರೊಬ್ಬರು ಬರೆದದ್ದನ್ನು ಹಾಗೆಯೇ ಕೊಡುತ್ತಿದ್ದೇನೆ:

"ಕಠಿಣ ಸ್ವಭಾವದ ಲಿಂಗಾಯತ ಜಮೀನ್ದಾರರು ಕುರ್ಚಿಯಲ್ಲಿ ಕುಳಿತಿದ್ದಾರೆ. ಮುಖಕ್ಕೆ ತೊನ್ನು ಹತ್ತಿದೆ, ಕುಷ್ಠದಿಂದ ಎಡಗೈಯ ಎರಡು ಬೆರಳು ಹೋಗಿವೆ. ಪಕ್ಕದಲ್ಲಿ ಅವರ ಸಿದ್ದಿ ಆಳು ತಂಬಿಗೆ ಹಿಡಿದು ನಿಂತಿದ್ದಾನೆ."

ಚಿತ್ರ ಕಪ್ಪು ಬಿಳುಪಿನದು, ದಪ್ಪ ರಟ್ಟಿಗೆ ಅಂಟಿಸಿದ್ದು. ಹಿಂದೆ ಕಂಬಗಳನ್ನು ಬರೆದ ಪರದೆ ಇದೆ. ಕುಳಿತವರು ರುಮಾಲು ಸುತ್ತಿ, ಕಚ್ಚೆಪಂಚೆಯ ಮೇಲೆ ಕೋಟು ತೊಟ್ಟಿದ್ದಾರೆ. ಹಣೆಯ ಮೇಲೆ ಮೂರು ಬಿಳಿ ಪಟ್ಟೆಗಳಿವೆ, ಎಡಗೈ ಕೋಲಿನ ಹಿಡಿಯ ಮೇಲಿದೆ. ನಿಂತವರು ಹದಿಹರೆಯದವರಂತೆ ಕಾಣುತ್ತಾರೆ. ಕಾಲಲ್ಲಿ ಜೋಡಿಲ್ಲ, ಕೂದಲು ಬಿಗಿಯಾದ ಗುಂಗುರು. ಸ್ವಯಂಸೇವಕರ ಆ ಮೂರು ವಾಕ್ಯಗಳನ್ನು ಓದಿದಾಗ ನನಗೆ ಕಸಿವಿಸಿಯಾಯಿತು, ಆದರೆ ಯಾವ ಯಾವ ಪದವನ್ನು ಯಾವ ಕಾರಣಕ್ಕೆ ತೆಗೆಯಬೇಕೆಂದು ಅದನ್ನು ಬರೆದವನಿಗೆ ವಿವರಿಸಲು ಹೋದಾಗ ಮಾತು ತಡವರಿಸಿತು. ಬಲ್ಲವರು ತಿಳಿಸಬೇಕು.

ಪುಟ ತಿದ್ದುವವ

ಮೇಡಂ, ಇದಕ್ಕೆ ಸರಳ ಪರಿಹಾರವಿದೆ. ಚಿತ್ರಕ್ಕೆ ಬದಲಾಗಿ ಓದಿ ಹೇಳಲು ಕೊಡುವ ಆಲ್ಟ್ ಪಠ್ಯ 125 ಅಕ್ಷರಗಳನ್ನು ಮೀರಬಾರದೆಂಬ ಅಂತರರಾಷ್ಟ್ರೀಯ ನಿಯಮವೇ ಇದೆ. ಆ ಮಿತಿಯಲ್ಲಿ ರೋಗ, ಜಾತಿ, ಸ್ವಭಾವ ಯಾವುದಕ್ಕೂ ಜಾಗ ಸಿಗುವುದಿಲ್ಲ. "ಸ್ಟುಡಿಯೋದಲ್ಲಿ ಇಬ್ಬರು ವ್ಯಕ್ತಿಗಳು, ಒಬ್ಬರು ಕುಳಿತಿದ್ದಾರೆ, ಒಬ್ಬರು ನಿಂತಿದ್ದಾರೆ" ಎಂದು ಬರೆದು ಕೈತೊಳೆದುಕೊಳ್ಳಬಹುದು. ಬರೆದಷ್ಟೂ ತಕರಾರು ಹೆಚ್ಚು.

ಕಿವಿಯಲ್ಲಿ ಓದುವವನು

ನಾನು ಹುಟ್ಟಿನಿಂದ ಕಣ್ಣು ಕಾಣದವನು. ಕಂಪ್ಯೂಟರಿನಲ್ಲಿ ಎನ್‌ವಿಡಿಎ, ಫೋನಿನಲ್ಲಿ ಟಾಕ್‌ಬ್ಯಾಕ್ ಎಂಬ, ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶಗಳನ್ನು ಬಳಸುತ್ತೇನೆ. ಮೊದಲಿಗೆ ಆ 125ರ ವಿಷಯ. ಜಾಲತಾಣಗಳು ಎಲ್ಲರಿಗೂ ಬಳಸಲು ಬರುವಂತಿರಬೇಕೆಂದು ಮಾಡಿದ ಡಬ್ಲ್ಯೂಸಿಎಜಿ ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಅಂಥ ಮಿತಿಯೇನೂ ಇಲ್ಲ. ಚಿತ್ರಕ್ಕೆ ಅದರ ಉದ್ದೇಶವನ್ನೇ ಪೂರೈಸುವ ಪಠ್ಯ ಇರಬೇಕು ಎಂದಷ್ಟೇ ಅದು ಹೇಳುತ್ತದೆ. 125 ಎಂಬುದು ಬಾಯಿಂದ ಬಾಯಿಗೆ ಬಂದ ಅಂದಾಜು. ಆಲ್ಟ್ ಪಠ್ಯ ಚಿಕ್ಕದಾಗಿರಲಿ ಎಂಬ ತಮ್ಮ ಮಾತಿನಲ್ಲಿ ಹುರುಳಿದೆ, ಏಕೆಂದರೆ ಅದನ್ನು ನಡುವೆ ನಿಲ್ಲಿಸಿ ಹಿಂದಿನ ಸಾಲಿಗೆ ಹೋಗಿ ಮತ್ತೆ ಕೇಳುವುದು ಪುಟದ ಸಾಮಾನ್ಯ ಬರಹದಷ್ಟು ಸುಲಭವಲ್ಲ. ಹಾಗಾಗಿ ಒಂದು ವಾಕ್ಯವನ್ನು ಆಲ್ಟ್ ಪಠ್ಯದಲ್ಲಿಟ್ಟು, ಉಳಿದದ್ದನ್ನು ಚಿತ್ರದ ಕೆಳಗೆ ಎಲ್ಲರಿಗೂ ಕಾಣುವಂತೆ ಬರೆದರೆ ಸಾಕು.

ಆದರೆ "ಇಬ್ಬರು ವ್ಯಕ್ತಿಗಳು" ಎಂದು ಬರೆದು ಕೈತೊಳೆದುಕೊಳ್ಳುವುದನ್ನು ನಾನು ಒಪ್ಪಲಾರೆ. ಆ ಸ್ವಯಂಸೇವಕನ ವಿವರಣೆ ನನ್ನ ಮೇಲೆ ತನ್ನ ತೀರ್ಮಾನವನ್ನು ಹೊರಿಸುತ್ತದೆ, ತಮ್ಮ ವಿವರಣೆ ಏನನ್ನೂ ಕೊಡುವುದಿಲ್ಲ. ನೋಡುವವರು ರುಮಾಲನ್ನು, ಹಣೆಯ ಪಟ್ಟೆಗಳನ್ನು, ಬರಿಗಾಲನ್ನು ಕಂಡು ತಮ್ಮ ಪಾಡಿಗೆ ತಾವು ಏನನ್ನೋ ಊಹಿಸಿಕೊಳ್ಳುತ್ತಾರೆ, ಆಮೇಲೆ ಅದನ್ನು ಅನುಮಾನಿಸುತ್ತಾರೆ. ಊಹಿಸುವ ಮತ್ತು ಅನುಮಾನಿಸುವ ಅದೇ ಸಾಮಗ್ರಿ ನನಗೂ ಬೇಕು. "ಕಠಿಣ ಸ್ವಭಾವ" ಎಂದಾಗ ನನಗೆ ಸಿಗುವುದು ಬರೆದವನ ಅಭಿಪ್ರಾಯ ಮಾತ್ರ. ಹುಬ್ಬು ಗಂಟಿಕ್ಕಿದ್ದವೋ, ತುಟಿ ಬಿಗಿದಿತ್ತೋ, ದೃಷ್ಟಿ ನೇರವಾಗಿ ಕ್ಯಾಮೆರಾದ ಕಡೆಗಿತ್ತೋ ಎಂಬುದು ಕೊನೆಗೂ ತಿಳಿಯುವುದಿಲ್ಲ.

ಕ್ರಮದ ಬಗ್ಗೆಯೂ ಒಂದು ಕೋರಿಕೆ. ಎಷ್ಟು ಜನ, ಯಾರು ಎಲ್ಲಿದ್ದಾರೆ, ಯಾವ ಭಂಗಿಯಲ್ಲಿದ್ದಾರೆ ಎಂಬುದು ಮೊದಲು ಬರಲಿ. ಮುಖ, ಉಡುಪು, ಕೈಯಲ್ಲಿರುವ ವಸ್ತು ಅನಂತರ ಬರಲಿ. ಕಲೆಯಿಂದಲೋ ಬೆರಳಿನಿಂದಲೋ ಆರಂಭಿಸಿದರೆ ಮನುಷ್ಯನಿಗಿಂತ ಮೊದಲು ಕಲೆಯೇ ನನ್ನ ಮನಸ್ಸಿನಲ್ಲಿ ಕುಳಿತುಬಿಡುತ್ತದೆ.

ಹಳೇ ನೆಗೆಟಿವ್

ಸಂಗ್ರಹದ ಮೇಡಂ ಅವರಿಗೆ ನಮಸ್ಕಾರ. ಸ್ಟುಡಿಯೋ ನಡೆಸಿದ ಮನೆಯವನು ನಾನು, ಗಾಜಿನ ಫಲಕಗಳಿಂದ ಹಿಡಿದು ರೋಲ್ ಫಿಲ್ಮಿನವರೆಗೆ ಎಲ್ಲವನ್ನೂ ತೊಳೆದು ಒಣಗಿಸಿದ ಕೈ ಇದು. ತಮ್ಮ ಸ್ವಯಂಸೇವಕ ಕಾಯಿಲೆ ಎಂದು ಬರೆದ ಎರಡನ್ನೂ ಮೊದಲು ಚಿತ್ರದ ಕಾಗದದ ಮೇಲೆ ಪರೀಕ್ಷಿಸಬೇಕು. ಆ ವ್ಯಕ್ತಿಯ ಮೈಮೇಲೆ ಏನಿತ್ತೆಂಬುದು ಅದಾದ ಮೇಲಿನ ಪ್ರಶ್ನೆ.

ಮುಖದ ಮೇಲಿನ ಬಿಳಿ ಮಚ್ಚೆಗಳನ್ನು ಪೂರ್ತಿ ಹಿಗ್ಗಿಸಿ ನೋಡಿರಿ. ಅವು ಕೆನ್ನೆಯ ಅಂಚಿಗೆ ಬಂದು ಅಲ್ಲಿಗೇ ನಿಲ್ಲುತ್ತವೆಯೋ ಅಥವಾ ಕೆನ್ನೆಯನ್ನು ದಾಟಿ ರುಮಾಲಿನ ಮೇಲೂ ಹಿಂದಿನ ಪರದೆಯ ಮೇಲೂ ಹರಡಿವೆಯೋ ಎಂಬುದೇ ಮುಖ್ಯ. ಚರ್ಮದ ಮೇಲಿನದು ಚರ್ಮದ ಗಡಿಯನ್ನು ದಾಟಲಾರದು. ದಾಟಿದ್ದರೆ ಅದು ಕಾಗದದ ಮೇಲಿನ ಜೆಲಟಿನ್ ಪದರಕ್ಕೆ ತೇವದಿಂದ ಹತ್ತಿದ ಬೂಷ್ಟು, ಅಥವಾ ಪದರ ಎದ್ದುಹೋದ ಗುರುತು. ಮೂಲ ಚಿತ್ರ ತಮ್ಮ ಬಳಿ ಇರುವುದರಿಂದ ಇನ್ನೊಂದು ಪರೀಕ್ಷೆಯೂ ಸಾಧ್ಯ: ಕಿಟಕಿಯ ಬೆಳಕಿನಲ್ಲಿ ಅದನ್ನು ಓರೆಯಾಗಿ ಹಿಡಿದು ನೋಡಿ. ಮಚ್ಚೆಯಿರುವ ಜಾಗದಲ್ಲಿ ಹೊಳಪು ಸತ್ತಿದ್ದರೆ ಅಥವಾ ಅಲ್ಲಿ ಒರಟಾಗಿದ್ದರೆ ಹಾನಿಯಾಗಿರುವುದು ಚಿತ್ರಕ್ಕೆ. ಸ್ಕ್ಯಾನ್ ಪ್ರತಿಯಲ್ಲಿ ಈ ವ್ಯತ್ಯಾಸ ಅಳಿಸಿಹೋಗುತ್ತದೆ. ಎಲ್ಲವೂ ಒಂದೇ ಸಮನಾದ ಬಿಳುಪಾಗಿ ಕಾಣುತ್ತದೆ.

ಇನ್ನು ಬೆರಳು. "ಎರಡು ಬೆರಳು ಹೋಗಿವೆ" ಎನ್ನುವುದಕ್ಕೂ "ಮೂರು ಬೆರಳು ಕಾಣುತ್ತವೆ" ಎನ್ನುವುದಕ್ಕೂ ಬಹಳ ಅಂತರವಿದೆ. ಕೋಲಿನ ಹಿಡಿಯನ್ನು ಮುಚ್ಚಿ ಹಿಡಿದಾಗ ಕಿರುಬೆರಳೂ ಉಂಗುರಬೆರಳೂ ಅಂಗೈಯ ಕೆಳಗೆ ಮಡಚಿಕೊಳ್ಳುವುದು ಸಹಜ. 1200 ಡಿಪಿಐನಲ್ಲಿ ಆ ಭಾಗವನ್ನಷ್ಟೇ ಮತ್ತೊಮ್ಮೆ ಸ್ಕ್ಯಾನ್ ಮಾಡಿ, ಹಿಡಿಯ ಕೆಳಭಾಗದಲ್ಲಿ ಗೆಣ್ಣಿನ ನೆರಳು ಇದೆಯೇ ಎಂದು ನೋಡಬಹುದು. ಕಂಡರೂ ಕಾಣದಿದ್ದರೂ ವಿವರಣೆಯಲ್ಲಿ ಬರೆಯಬೇಕಾದದ್ದು ಕಂಡಷ್ಟು ಮಾತ್ರ. ಇಷ್ಟಾಗಿ, ಬೆರಳು ನಿಜವಾಗಿಯೂ ಇರಲಿಲ್ಲವೆಂದೇ ಇಟ್ಟುಕೊಳ್ಳೋಣ, ಗಾಣಕ್ಕೆ ಸಿಕ್ಕಿ ಹೋದ ಬೆರಳಿಗೂ ಕಾಯಿಲೆಯಿಂದ ಹೋದ ಬೆರಳಿಗೂ ಚಿತ್ರದಲ್ಲಿ ಏನು ವ್ಯತ್ಯಾಸ ತೋರುತ್ತದೆ?

ಮೈಬಣ್ಣವನ್ನಂತೂ ಮುಟ್ಟಲೇಬೇಡಿ. ಆ ಕಾಲದ ಫಲಕಗಳು ನೀಲಿ ಬೆಳಕಿಗೆ ಬೇಗ ಸ್ಪಂದಿಸುತ್ತಿದ್ದವು, ಕೆಂಪು ಬೆಳಕಿಗೆ ಹೆಚ್ಚುಕಡಿಮೆ ಕುರುಡಾಗಿದ್ದವು. ಅದರಿಂದ ಹಣೆಯ ಕುಂಕುಮ ಕಪ್ಪಾಗಿ ಬೀಳುತ್ತಿತ್ತು, ತಿಳಿನೀಲಿ ಬಟ್ಟೆ ಬಿಳಿಯಾಗಿ ಬೀಳುತ್ತಿತ್ತು. ಚರ್ಮದಲ್ಲಿ ಕೆಂಪಿನ ಅಂಶ ಇರುವುದರಿಂದ ಮುಖ ಇದ್ದದ್ದಕ್ಕಿಂತ ಗಾಢವಾಗಿ ಬರುತ್ತಿತ್ತು. ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಫಿಲ್ಮು ಪೇಟೆಗೆ ಬಂದ ಮೇಲೂ ಸಣ್ಣ ಊರುಗಳ ಸ್ಟುಡಿಯೋಗಳಲ್ಲಿ ಹಳೆಯದೇ ನಡೆಯುತ್ತಿತ್ತು. ಇದರ ಮೇಲೆ ಸೀಸದ ಕಡ್ಡಿಯಿಂದ ನೆಗೆಟಿವನ್ನೇ ತಿದ್ದಿ ಸುಕ್ಕನ್ನೂ ಸಿಡುಬಿನ ಕಲೆಯನ್ನೂ ಮರೆಮಾಡುವ ಕಲೆಗಾರಿಕೆ ಬೇರೆ ಇತ್ತು. ಅಂಥ ಚಿತ್ರದಲ್ಲಿ ಮುಖ ನಯವಾಗಿದ್ದರೆ ಆ ನಯ ಯಾರದೋ ಕೈಕೆಲಸವಾಗಿರಬಹುದು.

ಗಂಭೀರ ಮುಖದ ಕುರಿತು ಎರಡೇ ಮಾತು. ಸ್ಟುಡಿಯೋದ ಗಾಜಿನ ಮಾಡಿನಿಂದ ಬರುವ ಹಗಲು ಬೆಳಕಿನಲ್ಲಿ, ಅಲುಗಾಡಬಾರದೆಂಬ ಅಪ್ಪಣೆಯಂತೆ ಕುಳಿತವರ ಮುಖ ಅದು. ನಗದಿರುವುದೇ ಆಗಿನ ಮರ್ಯಾದೆಯಾಗಿತ್ತು.

ಸ್ಟೇಷನ್ ರೈಟರ್ (ನಿವೃತ್ತ)

ಠಾಣೆಯಲ್ಲಿ ಬರಹಗಾರನಾಗಿ ಕೆಲಸ ಮಾಡಿದವನು ನಾನು. ಕಾಣೆಯಾದವರ ಪ್ರಕಟಣೆಗಳನ್ನು ತಾವೆಲ್ಲ ಪತ್ರಿಕೆಯಲ್ಲಿ ಓದಿರುತ್ತೀರಿ: "ಎತ್ತರ 5 ಅಡಿ 4 ಅಂಗುಲ, ದುಂಡು ಮುಖ, ಎಣ್ಣೆಗೆಂಪು ಮೈಬಣ್ಣ, ಸಾಧಾರಣ ಮೈಕಟ್ಟು, ಬಲಗೆನ್ನೆಯ ಮೇಲೆ ಕಪ್ಪು ಮಚ್ಚೆ, ಕನ್ನಡ ಮತ್ತು ತೆಲುಗು ಮಾತನಾಡುತ್ತಾರೆ." ಚಹರೆಪಟ್ಟಿಗೆ ನಮ್ಮಲ್ಲಿ ಇಷ್ಟು ಹದವಾದ ಭಾಷೆ ಮೊದಲೇ ಸಿದ್ಧವಿರುವಾಗ ಹೊಸದನ್ನು ಹುಡುಕುವ ಅಗತ್ಯವೇನು? ಮುಖ ಕೋಲೋ ದುಂಡೋ, ಮೂಗು ನೀಳವೋ ಮೊಂಡೋ, ಕೂದಲು ನೇರವೋ ಗುಂಗುರೋ, ಹಚ್ಚೆ ಮೊಣಕೈಗೆ ಮೇಲೋ ಕೆಳಗೋ, ಹೀಗೆ ಬರೆದರೆ ಯಾರಿಗೂ ನೋವಾಗದು. ಹಾಗೆಯೇ, ಎಡ ಬಲ ಎಂದು ಬರೆಯುವಾಗ ಅದು ಆ ವ್ಯಕ್ತಿಯ ಎಡವೋ ನೋಡುವವನ ಎಡವೋ ಎಂಬುದನ್ನು ಒಮ್ಮೆ ತೀರ್ಮಾನಿಸಿಕೊಂಡು ಕೊನೆಯವರೆಗೂ ಅದಕ್ಕೇ ಅಂಟಿಕೊಳ್ಳಬೇಕು. ನಾವು ಯಾವಾಗಲೂ ಆ ವ್ಯಕ್ತಿಯ ಎಡವನ್ನೇ ಎಡವೆಂದು ಬರೆಯುತ್ತಿದ್ದೆವು.

ಹಳೇ ನೆಗೆಟಿವ್

ರೈಟರ್ ಸಾಹೇಬರ ಎಡಬಲದ ಮಾತಿಗೆ ಒಂದು ಸೇರ್ಪಡೆ. ಗಾಜಿನ ಫಲಕವನ್ನು ತಿರುವುಮುರುವಾಗಿ ಇಟ್ಟು ಅಚ್ಚು ಹಾಕಿದರೆ ಇಡೀ ಚಿತ್ರವೇ ಕನ್ನಡಿಬಿಂಬವಾಗುತ್ತದೆ. ಗಂಡಸರ ಕೋಟಿನ ಗುಂಡಿಗಳು ಅವರ ಬಲಭಾಗದ ಅಂಚಿನಲ್ಲಿರುವುದು ವಾಡಿಕೆ. ಈ ಚಿತ್ರದಲ್ಲಿ ಅದನ್ನು ಮೊದಲು ನೋಡಿಕೊಳ್ಳಿರಿ, ಇಲ್ಲದಿದ್ದರೆ ಇಷ್ಟು ಹೊತ್ತು ನಾವು ಎಡಗೈ ಎನ್ನುತ್ತಿರುವುದು ಬಲಗೈಯಾಗಿದ್ದೀತು.

ಕಿವಿಯಲ್ಲಿ ಓದುವವನು

ರೈಟರ್ ಸರ್, ತಮ್ಮ ಪಟ್ಟಿಯ ಅರ್ಧವನ್ನು ಸಂತೋಷದಿಂದ ಒಪ್ಪುತ್ತೇನೆ. ಇನ್ನರ್ಧದ ಬಗ್ಗೆ ಒಂದು ಸಂದೇಹ. ಕಾಣೆಯಾದವರ ಪ್ರಕಟಣೆಯಲ್ಲಿ ಮೈಬಣ್ಣ, ಮಾತನಾಡುವ ಭಾಷೆ, ಕೆಲವೊಮ್ಮೆ "ಮಾನಸಿಕ ಅಸ್ವಸ್ಥ" ಎಂಬ ಮಾತು ಇರುತ್ತದೆಯಲ್ಲ, ಅವನ್ನೆಲ್ಲ ತಾವು ಫೋಟೋ ನೋಡಿ ಬರೆಯುತ್ತಿದ್ದಿರೇ?

ಸ್ಟೇಷನ್ ರೈಟರ್ (ನಿವೃತ್ತ)

ಇಲ್ಲ. ಅವೆಲ್ಲ ದೂರು ಕೊಡಲು ಬಂದ ಮನೆಯವರ ಹೇಳಿಕೆಯಿಂದ ಬರುತ್ತಿದ್ದವು. ತಾವು ಕೇಳಿದ ಮೇಲೆ ಹೊಳೆಯುತ್ತಿದೆ, ಗುರುತು ಸಿಗದ ಶವದ ಪಂಚನಾಮೆ ಬರೆಯುವಾಗ ನಮಗೆ ಹೇಳಿಕೆ ಕೊಡುವವರು ಯಾರೂ ಇರುತ್ತಿರಲಿಲ್ಲ. ಅಲ್ಲಿ ಭಾಷೆ ಇಲ್ಲ, ಊರು ಇಲ್ಲ. ಮೈಮೇಲಿನ ಬಟ್ಟೆ, ಹಚ್ಚೆ, ಮಚ್ಚೆ, ಕಲೆ, ಅಷ್ಟೇ. ವಯಸ್ಸನ್ನೂ "ಸುಮಾರು 45ರಿಂದ 50" ಎಂದು ಅಂತರವಿಟ್ಟು ಬರೆಯುತ್ತಿದ್ದೆವು. ತಮ್ಮ ಚಿತ್ರವೂ ಆ ಎರಡನೆಯ ಬಗೆಗೆ ಸೇರುತ್ತದೆ. ಆದರೂ ಮೈಬಣ್ಣವನ್ನು ಪೂರ್ತಿ ಬಿಡುವುದು ನನಗೆ ಸರಿಕಾಣದು. ಬಣ್ಣದ ಚಿತ್ರದಲ್ಲಿ ಕಣ್ಣಿಗೆ ಕಾಣುವುದೇ ಅದು, ಮುಚ್ಚಿಡುವುದರಲ್ಲಿ ಏನು ನಿಷ್ಪಕ್ಷಪಾತವಿದೆ?

ಯಲ್ಲಾಪುರದವಳು

ಈ ಚರ್ಚೆಯನ್ನು ಓದುತ್ತ ಬಂದವಳಿಗೆ "ಸಿದ್ದಿ ಆಳು" ಎಂಬಲ್ಲಿ ಕಣ್ಣು ನಿಂತಿತು. ನಾನು ಆಫ್ರಿಕಾ ಮೂಲದ ಸಿದ್ದಿ ಸಮುದಾಯದವಳು. ಬೆಂಗಳೂರಿನಲ್ಲಿ ಓದುವಾಗ ಬಸ್ಸಿನಲ್ಲಿ, ಅಂಗಡಿಯಲ್ಲಿ "ಯಾವ ದೇಶದವರು?" ಎಂದು ಕೇಳಿಸಿಕೊಳ್ಳುವುದು ಅಭ್ಯಾಸವಾಗಿಹೋಗಿತ್ತು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲದ ಕಾಡಂಚಿನಲ್ಲಿ ನಮ್ಮವರು ತಲೆತಲಾಂತರದಿಂದ ಇದ್ದಾರೆ. ನಮ್ಮಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಮನೆಯಲ್ಲಿ ಕೊಂಕಣಿಯೂ ಕನ್ನಡವೂ ನಡೆಯುತ್ತವೆ. 2003ರಲ್ಲಿ ನಮ್ಮ ಜಿಲ್ಲೆಯ ಸಿದ್ದಿಯರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದಾರೆ. ಆ ಪಟ್ಟಿಯ ಪ್ರಮಾಣಪತ್ರ ಪಡೆಯಲು ತಹಶೀಲ್ದಾರರ ಕಚೇರಿಯಲ್ಲಿ ದಾಖಲೆಗಳನ್ನು ಕೊಡಬೇಕಾಗುತ್ತದೆ, ಅಲ್ಲಿ ಕೂದಲನ್ನು ನೋಡಿ ಬರೆದುಕೊಡುವುದಿಲ್ಲ. ಹೀಗಿರುವಾಗ ಗುಂಗುರು ಕೂದಲೊಂದನ್ನೇ ಕಂಡು ತಮ್ಮ ಸ್ವಯಂಸೇವಕರು ಆ ಹುಡುಗನಿಗೆ ಸಮುದಾಯವನ್ನು ಹಂಚಿಬಿಟ್ಟಿದ್ದಾರೆ. ಗುಂಗುರು ಕೂದಲು ಕರಾವಳಿಯಲ್ಲೂ ಬಯಲುಸೀಮೆಯಲ್ಲೂ ಎಷ್ಟೋ ಮನೆಗಳಲ್ಲಿದೆ. ನಮ್ಮ ಮನೆಗಳಲ್ಲೇ ಎಲ್ಲರ ಕೂದಲೂ ಒಂದೇ ಬಗೆಯದಲ್ಲ.

ಒಂದು ವೇಳೆ ಆತ ನಿಜಕ್ಕೂ ಸಿದ್ದಿಯೇ ಆಗಿದ್ದರೆ, ಆ ಸಂಗತಿ ದಾಖಲಾಗುವುದು ನನಗೆ ಬಹಳ ಬೇಕು. ನಮ್ಮವರ ಹಳೆಯ ಚಿತ್ರಗಳು ಸಿಗುವುದೇ ಕಡಿಮೆ. ಆದರೆ ಅದು ಊಹೆಯಿಂದ ಬರಬಾರದು. ಹುಡುಕುವವರಿಗೆ "ಸಿದ್ದಿ" ಎಂಬ ಪದಕ್ಕೆ ಈ ಚಿತ್ರ ಸಿಕ್ಕಿ, ಅಲ್ಲಿಂದ ಯಾರದೋ ಲೇಖನಕ್ಕೆ ಹೋಗಿ, "ಸಿದ್ದಿಯರು ಜಮೀನ್ದಾರರ ಮನೆಯಲ್ಲಿ ಆಳುಗಳಾಗಿದ್ದರು" ಎಂಬ ವಾಕ್ಯಕ್ಕೆ ಇದೇ ಸಾಕ್ಷಿಯಾಗಿ ಕುಳಿತರೆ ತೆಗೆಯುವವರು ಯಾರು?

ಮೈಬಣ್ಣದ ಬಗ್ಗೆ ರೈಟರ್ ಸಾಹೇಬರಿಗೆ ನನ್ನ ಮಾತು ಇಷ್ಟು: ಬರೆಯುವುದಾದರೆ ಚಿತ್ರದಲ್ಲಿರುವ ಪ್ರತಿಯೊಬ್ಬರದನ್ನೂ ಬರೆಯಿರಿ. ಕುಳಿತವರ ಬಣ್ಣವನ್ನು ಬಿಟ್ಟು ನಿಂತವನದನ್ನು ಮಾತ್ರ ಬರೆದರೆ ಬಿಟ್ಟದ್ದೇ ಮಾಮೂಲಿನ ಬಣ್ಣವೆಂದೂ ಬರೆದದ್ದು ವಿಶೇಷವೆಂದೂ ಆಗುತ್ತದೆ.

ವಂಶವೃಕ್ಷ

ಈ ಚಿತ್ರವನ್ನು ಎಲ್ಲಿ ನೋಡಬಹುದು? ಕೋಲು ಹಿಡಿದು ರುಮಾಲು ಸುತ್ತಿ ಕುಳಿತ ನಮ್ಮ ಮುತ್ತಜ್ಜನ ಚಿತ್ರವೊಂದು ಬಹಳ ಹಿಂದೆ ಕೈತಪ್ಪಿ ಹೋಗಿದೆ. ಅವರಿಗೆ ತೊನ್ನು ಇತ್ತೆಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ತೊನ್ನು ಇದ್ದುದನ್ನು ಬರೆಯಬಾರದೆಂದು ತಾವೆಲ್ಲ ಏಕೆ ವಾದಿಸುತ್ತಿದ್ದೀರಿ ಎಂಬುದೇ ನನಗೆ ತಿಳಿಯುತ್ತಿಲ್ಲ. ಅದು ಅವಮಾನದ ಸಂಗತಿಯೇ? ನಮ್ಮ ಮನೆಯವರು ಅದನ್ನು ಯಾವತ್ತೂ ಮುಚ್ಚಿಟ್ಟಿಲ್ಲ, ಮುತ್ತಜ್ಜ ಹಾಗೆಯೇ ಊರಿನ ಪಂಚರಲ್ಲಿ ಒಬ್ಬರಾಗಿದ್ದರು. ಕುಟುಂಬದವರಿಗೆ ಗುರುತು ಹತ್ತಲು ಇಂಥ ವಿವರಗಳೇ ಬೇಕು.

ಸಂಗ್ರಹದ ಕೆಲಸದವಳು

ವಂಶವೃಕ್ಷ ಅವರೇ, ಅವಮಾನವೆಂಬ ಕಾರಣಕ್ಕೆ ಯಾರೂ ಬೇಡವೆನ್ನುತ್ತಿಲ್ಲ. ಚಿತ್ರದಿಂದ ಅದು ತಿಳಿಯುವುದಿಲ್ಲ ಎಂಬುದಷ್ಟೇ ಇಲ್ಲಿಯ ಮಾತು. ತಮ್ಮ ಮನೆಯವರು ಬಂದು ನೋಡಿ "ಇವರು ನಮ್ಮ ಮುತ್ತಜ್ಜ, ಇವರಿಗೆ ತೊನ್ನು ಇತ್ತು" ಎಂದರೆ, ಹೇಳಿದವರು ಯಾರು, ಯಾವ ದಿನ ಹೇಳಿದರು ಎಂಬುದರ ಸಮೇತ "ಕುಟುಂಬದವರಿಂದ ತಿಳಿದದ್ದು" ಎಂಬ ಬೇರೆ ಅಂಕಣದಲ್ಲಿ ಬರೆಯುತ್ತೇವೆ. ನೋಡಿ ಬರೆದದ್ದು ಒಂದು ಕಡೆ, ಕೇಳಿ ಬರೆದದ್ದು ಇನ್ನೊಂದು ಕಡೆ ಇರುತ್ತದೆ. ಚಿತ್ರ ನೋಡಲು ಗ್ರಂಥಾಲಯಕ್ಕೇ ಬರಬೇಕಾಗುತ್ತದೆ.

ಇಂದು ಬೆಳಿಗ್ಗೆ ಮೂಲ ಚಿತ್ರವನ್ನು ಹೊರತೆಗೆದು ಹಳೇ ನೆಗೆಟಿವ್ ಅವರು ಹೇಳಿದಂತೆ ಕಿಟಕಿಯ ಬಳಿ ಓರೆಯಾಗಿ ಹಿಡಿದೆ. ಮುಖದ ಮೇಲಿನ ನಾಲ್ಕು ಮಚ್ಚೆಗಳಲ್ಲಿ ಮೂರು ಹೊಳಪು ಕಳೆದುಕೊಂಡಿವೆ. ಅವುಗಳಲ್ಲಿ ಒಂದು ರುಮಾಲಿನ ಅಂಚನ್ನು ದಾಟಿ ಪರದೆಯ ಕಂಬದವರೆಗೂ ಹೋಗಿದೆ. ಬೂದು ನೂಲಿನಂಥ ಎಳೆಗಳೂ ಅಲ್ಲಿ ಕಾಣುತ್ತವೆ. ನಾಲ್ಕನೆಯದು ಮಾತ್ರ ತುಟಿಯ ಬಲ ಅಂಚಿನಲ್ಲಿದೆ, ಅಲ್ಲಿ ಕಾಗದದ ಹೊಳಪು ಸುತ್ತಲಿನಂತೆಯೇ ಇದೆ, ಚರ್ಮದ ಗಡಿಯನ್ನೂ ದಾಟಿಲ್ಲ. ಕೈಯ ಭಾಗದ ಹೊಸ ಸ್ಕ್ಯಾನಿನಲ್ಲಿ ಹಿಡಿಯ ಕೆಳಗೆ ಒಂದು ಗೆಣ್ಣಿನ ನೆರಳು ತೋರುತ್ತದೆ, ಇನ್ನೊಂದು ತೋರುವುದಿಲ್ಲ. ಕೋಟಿನ ಗುಂಡಿಗಳು ಅವರ ಬಲಭಾಗದಲ್ಲಿಯೇ ಇವೆ, ಆದ್ದರಿಂದ ಎಡಗೈ ಎಡಗೈಯೇ. ಈಗ ಆ ನಾಲ್ಕನೆಯ ಮಚ್ಚೆಯನ್ನು ಏನೆಂದು ಬರೆಯಲಿ?

ಹಳೇ ನೆಗೆಟಿವ್

"ತುಟಿಯ ಬಲ ಅಂಚಿನಲ್ಲಿ ಸುತ್ತಲಿನ ಚರ್ಮಕ್ಕಿಂತ ತಿಳಿಯಾದ ಒಂದು ಸಣ್ಣ ಮಚ್ಚೆ ಕಾಣುತ್ತದೆ" ಎಂದು ಬರೆಯಿರಿ. ಸುಟ್ಟ ಗಾಯ ಮಾಯ್ದರೂ ಹಾಗೇ ಕಂಡೀತು, ಎಲೆ ಹಾಕಿಕೊಳ್ಳುವಾಗ ಹತ್ತಿದ ಸುಣ್ಣವೂ ಹಾಗೇ ಕಂಡೀತು, ವಂಶವೃಕ್ಷದವರು ಹೇಳಿದ್ದೂ ಆಗಿದ್ದೀತು. ಉಳಿದ ಮೂರನ್ನು "ಚಿತ್ರದ ಸ್ಥಿತಿ" ಎಂಬ ಅಂಕಣದಲ್ಲಿ ಹಾಕಿರಿ, ವ್ಯಕ್ತಿಯ ವಿವರಣೆಗೆ ಅವು ಸೇರುವುದಿಲ್ಲ.

ಪುಟ ತಿದ್ದುವವ

125ರ ವಿಷಯದಲ್ಲಿ ಕಿವಿಯಲ್ಲಿ ಓದುವವರ ಮಾತನ್ನು ಒಪ್ಪಿದೆ. ನನ್ನದೊಂದು ಬೇರೆ ಪ್ರಶ್ನೆ. ಆ ಮೂರು ವಾಕ್ಯಗಳಲ್ಲಿ ಯಾರೂ ಮುಟ್ಟದ ಒಂದು ಜಾಗವಿದೆ. ಹಿರಿಯರು "ಕುಳಿತಿದ್ದಾರೆ", ಹುಡುಗ "ನಿಂತಿದ್ದಾನೆ". ಜೋಡು ಮೆಟ್ಟಿದವರಿಗೆ ಬಹುವಚನ, ಬರಿಗಾಲಿನವನಿಗೆ ಏಕವಚನ ಎಂಬಂತಾಗಿದೆ. ವಯಸ್ಸಿನಿಂದ ಸ್ವಯಂಸೇವಕ ಹಾಗೆ ಬರೆದನೆಂದೂ ಹೇಳಬಹುದು, ಆದರೆ ಅದೇ ಹುಡುಗ ಕೋಟು ಹಾಕಿಕೊಂಡು ಪುಸ್ತಕ ಹಿಡಿದು ನಿಂತಿದ್ದರೆ "ನಿಂತಿದ್ದಾರೆ" ಎಂದೇ ಬರೆಯುತ್ತಿದ್ದನೇನೋ ಎಂಬ ಅನುಮಾನ ನನಗಿದೆ. "ಆಳು" ಎಂಬ ಪದವನ್ನು ಹೊಡೆದುಹಾಕಿದರೂ ಕ್ರಿಯಾಪದದ ಬಾಲದಲ್ಲಿ ಅದು ಉಳಿದುಕೊಳ್ಳುತ್ತದೆ. ಕೈಕೂಸನ್ನು ಬಿಟ್ಟು ಉಳಿದವರೆಲ್ಲರಿಗೂ ಬಹುವಚನ ಎಂದು ನಿಯಮ ಮಾಡಿಕೊಂಡರೆ ಹೇಗೆ?

ಯಲ್ಲಾಪುರದವಳು

ಇದಕ್ಕೆ ನನ್ನ ಪೂರ್ಣ ಒಪ್ಪಿಗೆಯಿದೆ. ತಂಬಿಗೆ ಹಿಡಿದವನು ಮಗನೂ ಆಗಿರಬಹುದು, ಮೊಮ್ಮಗನೂ ಆಗಿರಬಹುದು, ಮಠದಲ್ಲಿ ಓದುತ್ತಿದ್ದ ವಿದ್ಯಾರ್ಥಿಯೂ ಆಗಿರಬಹುದು. ತಂಬಿಗೆ ಸ್ಟುಡಿಯೋದವರದೇ ಇರಬಹುದು.

ಹಳೇ ನೆಗೆಟಿವ್

ಇರಬಹುದೇನು, ಎಷ್ಟೋ ಸಲ ಇರುತ್ತಿತ್ತು! ಕೋಲು, ಕುರ್ಚಿ, ಹೂದಾನಿ, ಕೈಗಡಿಯಾರ, ಕೋಟು ಸಹ ಸ್ಟುಡಿಯೋದಲ್ಲಿ ಬಾಡಿಗೆಗೆ ಸಿಗುತ್ತಿದ್ದವು. ನಮ್ಮ ಮನೆಯ ಒಂದೇ ಕೋಟು ಅರ್ಧ ಊರಿನ ಮದುಮಕ್ಕಳ ಮೈಮೇಲೆ ಇದೆ. "ಜಮೀನ್ದಾರರು" ಎಂಬುದೂ ಅಲ್ಲಿಗೆ ಮುಗಿಯಿತು.

ಸ್ಟೇಷನ್ ರೈಟರ್ (ನಿವೃತ್ತ)

ಹಾಗಾದರೆ ಮೂಗಿನ ಆಕಾರವನ್ನೂ ಬರೆಯಬಾರದೇ? ನಾನು ಅದನ್ನು ನೂರಾರು ಸಲ ಬರೆದಿದ್ದೇನೆ, ಯಾರೂ ಆಕ್ಷೇಪಿಸಿದ್ದಿಲ್ಲ.

ಕಿವಿಯಲ್ಲಿ ಓದುವವನು

ಬರೆಯಬಹುದು ಸರ್, ಆದರೆ ಅದರ ಹಿಂದಿರುವ ಕಥೆ ಗೊತ್ತಿದ್ದು ಬರೆಯಬೇಕು. 1901ರ ಜನಗಣತಿಯ ಆಯುಕ್ತನಾಗಿದ್ದ ಹರ್ಬರ್ಟ್ ರಿಸ್ಲಿ ಮೂಗಿನ ಅಗಲವನ್ನು ಅದರ ಉದ್ದದಿಂದ ಭಾಗಿಸಿ 100ರಿಂದ ಗುಣಿಸಿ ಬರುವ ಸಂಖ್ಯೆಯಿಂದ ಜನರನ್ನು ಜನಾಂಗಗಳಾಗಿ ವಿಂಗಡಿಸಲು ಹೊರಟಿದ್ದ, ಜಾತಿಯಲ್ಲಿ ಮೇಲಿರುವವರ ಮೂಗು ನೀಳವೆಂದು ಸಾಧಿಸಲು ನೋಡಿದ್ದ. ಅದು ನಿಲ್ಲಲಿಲ್ಲ, ಆದರೆ "ನೀಳವಾದ ಮೂಗು" ಎಂದೊಡನೆ "ಒಳ್ಳೆಯ ಮನೆತನ" ಎಂದು ಕೇಳಿಸುವ ಕಿವಿಗಳು ಇಂದಿಗೂ ಇವೆ. ತಾವು ಹುಡುಕುತ್ತಿದ್ದುದು ಕಾಣೆಯಾದ ಒಬ್ಬ ಮನುಷ್ಯನನ್ನು, ಅಲ್ಲಿ ಮೂಗಿನ ಆಕಾರ ಕೆಲಸಕ್ಕೆ ಬರುತ್ತದೆ. ಗ್ರಂಥಾಲಯದ ಚಿತ್ರದಲ್ಲಿ ಅದು ಯಾವ ಕೆಲಸ ಮಾಡುತ್ತದೆಂದು ಒಮ್ಮೆ ಕೇಳಿಕೊಳ್ಳಬೇಕು. ವೈಯಕ್ತಿಕವಾಗಿ ನನಗೆ ಮೂಗಿಗಿಂತ ಮೀಸೆಯ ವಿವರ ಇಷ್ಟ. ಮೀಸೆ ಮನುಷ್ಯ ತಾನೇ ಆರಿಸಿಕೊಂಡದ್ದು.

ಸಂಗ್ರಹದ ಕೆಲಸದವಳು

ಎಲ್ಲರ ಮಾತುಗಳನ್ನೂ ಇಟ್ಟುಕೊಂಡು ಸ್ವಯಂಸೇವಕನ ಜೊತೆ ಕುಳಿತು ಹೊಸದಾಗಿ ಬರೆದೆವು. ಆಲ್ಟ್ ಪಠ್ಯ ಹೀಗಿದೆ: "ಸ್ಟುಡಿಯೋ ಚಿತ್ರ: ರುಮಾಲು, ಕೋಟು ಧರಿಸಿ ಕುರ್ಚಿಯಲ್ಲಿ ಕುಳಿತಿರುವ ಹಿರಿಯರು, ಅವರ ಬಲಪಕ್ಕದಲ್ಲಿ ತಂಬಿಗೆ ಹಿಡಿದು ನಿಂತಿರುವ ಕಿರಿಯರು."

ಚಿತ್ರದ ಕೆಳಗಿನ ವಿವರಣೆ ಹೀಗಿದೆ:

"ಕಂಬಗಳನ್ನು ಬರೆದ ಪರದೆಯ ಮುಂದೆ ಇಬ್ಬರಿದ್ದಾರೆ. ಒಬ್ಬರು ತೋಳುಕುರ್ಚಿಯಲ್ಲಿ ನೇರವಾಗಿ ಕುಳಿತು ಕ್ಯಾಮೆರಾವನ್ನು ನೋಡುತ್ತಿದ್ದಾರೆ. ಮುಖ ಕೋಲಾಗಿದೆ, ಹುಬ್ಬುಗಳು ತುಸು ಹತ್ತಿರ ಬಂದಿವೆ, ತುಟಿ ಮುಚ್ಚಿದೆ. ಮೀಸೆ ದಪ್ಪವಾಗಿದ್ದು ಬಿಳಿ ಮತ್ತು ಕಪ್ಪು ಕೂದಲು ಬೆರೆತಿದೆ. ಕಣ್ಣುಗಳ ಸುತ್ತ ಗೆರೆಗಳಿವೆ. ತುಟಿಯ ಬಲ ಅಂಚಿನಲ್ಲಿ ಸುತ್ತಲಿಗಿಂತ ತಿಳಿಯಾದ ಸಣ್ಣ ಮಚ್ಚೆ ಕಾಣುತ್ತದೆ. ಹಣೆಯ ಮೇಲೆ ಮೂರು ಅಡ್ಡ ಬಿಳಿ ಪಟ್ಟೆಗಳಿವೆ. ತಲೆಗೆ ರುಮಾಲು, ಗುಂಡಿ ಹಾಕಿದ ಕೋಟು, ಕಚ್ಚೆಪಂಚೆ, ಕಾಲಿಗೆ ಜೋಡು ಇವೆ. ಎಡಗೈ ಕೋಲಿನ ಹಿಡಿಯ ಮೇಲಿದೆ, ಅದರ ಮೂರು ಬೆರಳುಗಳು ಕಾಣುತ್ತವೆ. ಇನ್ನೊಬ್ಬರು ಕುರ್ಚಿಗೆ ತಾಗಿ ನಿಂತಿದ್ದಾರೆ. ಕುಳಿತವರಿಗಿಂತ ಬಹಳ ಕಿರಿಯರಾಗಿ ಕಾಣುತ್ತಾರೆ. ಮುಖ ದುಂಡಾಗಿದೆ, ಮೀಸೆ ಇಲ್ಲ, ಕೂದಲು ಗಿಡ್ಡವಾಗಿ, ಬಿಗಿಯಾದ ಗುಂಗುರಾಗಿದೆ. ಅಂಗಿ, ಮೊಣಕಾಲಿನ ಕೆಳಗಿನವರೆಗೆ ಪಂಚೆ ಉಟ್ಟಿದ್ದಾರೆ, ಬರಿಗಾಲಿನಲ್ಲಿದ್ದಾರೆ. ಎರಡೂ ಕೈಗಳಲ್ಲಿ ತಂಬಿಗೆ ಹಿಡಿದಿದ್ದಾರೆ. ದೃಷ್ಟಿ ಕ್ಯಾಮೆರಾದ ಪಕ್ಕಕ್ಕಿದೆ."

"ಕುಟುಂಬದವರಿಂದ ತಿಳಿದದ್ದು" ಎಂಬ ಅಂಕಣ ಸದ್ಯಕ್ಕೆ ಖಾಲಿಯಾಗಿದೆ.

ಕಿವಿಯಲ್ಲಿ ಓದುವವನು

ಎರಡು ಸಲ ಕೇಳಿದೆ. ಈಗ ಇಬ್ಬರೂ ನನ್ನೆದುರು ಇದ್ದಾರೆ. ದೃಷ್ಟಿ ಪಕ್ಕಕ್ಕಿದೆ ಎಂಬ ಮಾತು ಮೊದಲ ವಿವರಣೆಯಲ್ಲಿ ಇರಲೇ ಇಲ್ಲ. ಒಂದು ಕಡೆ ಮಾತ್ರ ತಕರಾರಿದೆ. "ಮೂರು ಅಡ್ಡ ಬಿಳಿ ಪಟ್ಟೆಗಳು" ಎಂದು ಬರೆದಿದ್ದೀರಿ. ಅದು ವಿಭೂತಿ ಎಂದು ಕನ್ನಡ ನಾಡಿನಲ್ಲಿ ಚಿತ್ರ ನೋಡಿದ ಯಾರಿಗಾದರೂ ಒಡನೆಯೇ ತಿಳಿಯುತ್ತದೆ. ನನಗೆ ಮಾತ್ರ ಏಕೆ ಪಟ್ಟೆ? ರುಮಾಲನ್ನು "ತಲೆಗೆ ಸುತ್ತಿದ ಉದ್ದನೆಯ ಬಟ್ಟೆ" ಎಂದು ಬರೆದಿಲ್ಲವಲ್ಲ. ವಸ್ತುವಿನ ಹೆಸರನ್ನು ಹೇಳುವುದು ಊಹೆಯಲ್ಲ. ವಿಭೂತಿಯಿಂದ ಜಾತಿಗೆ ಹಾರುವುದು ಊಹೆ. ವೀರಶೈವ ಲಿಂಗಾಯತರಲ್ಲದೆ ಸ್ಮಾರ್ತರೂ ಇತರ ಶಿವಭಕ್ತರೂ ಅದನ್ನು ಧರಿಸುತ್ತಾರೆ.

ಯಲ್ಲಾಪುರದವಳು

ಇದರಲ್ಲಿ ನನಗೆ ಅಳುಕಿದೆ. ವಿಭೂತಿ ಎಂದು ಬರೆದೊಡನೆ ಬಹಳ ಓದುಗರು ಒಂದೇ ಕಡೆಗೆ ಹೋಗುತ್ತಾರೆ. ಪಟ್ಟೆ ಎಂದರೆ ಕನಿಷ್ಠ ಒಂದು ಕ್ಷಣ ನಿಲ್ಲುತ್ತಾರೆ.

ಸ್ಟೇಷನ್ ರೈಟರ್ (ನಿವೃತ್ತ)

ಪಂಚನಾಮೆಯಲ್ಲಾಗಿದ್ದರೆ ನಾನು "ಹಣೆಯ ಮೇಲೆ ವಿಭೂತಿಯಂತೆ ಕಾಣುವ ಮೂರು ಬಿಳಿ ಪಟ್ಟೆಗಳು" ಎಂದು ಬರೆಯುತ್ತಿದ್ದೆ. ನ್ಯಾಯಾಲಯದಲ್ಲಿ ವಕೀಲರು "ನೀವು ಮುಟ್ಟಿ ನೋಡಿದಿರಾ?" ಎಂದು ಕೇಳಿದರೂ ಆ "ಅಂತೆ" ನಿಲ್ಲುತ್ತದೆ.

ಪುಟ ತಿದ್ದುವವ

ಒಂದು ಕಡೆ "ಅಂತೆ" ಸೇರಿಸಿದರೆ ರುಮಾಲಿನಂತೆ, ಕೋಟಿನಂತೆ, ತಂಬಿಗೆಯಂತೆ ಎಂದು ಎಲ್ಲ ಕಡೆಯೂ ಸೇರಿಸಬೇಕಾದೀತು. ನಾನು ಕಿವಿಯಲ್ಲಿ ಓದುವವರ ಪರ.

ಸಂಗ್ರಹದ ಕೆಲಸದವಳು

ಶನಿವಾರ ಸ್ವಯಂಸೇವಕರೆಲ್ಲರೂ ಸೇರುತ್ತೇವೆ, ಇದನ್ನು ಅಲ್ಲಿ ಇಡುತ್ತೇನೆ. ಅಲ್ಲಿಯವರೆಗೆ ರೈಟರ್ ಸಾಹೇಬರು ಹೇಳಿದಂತೆ ಹಾಕಿದ್ದೇನೆ. ವಂಶವೃಕ್ಷ ಅವರೇ, ತಾವು ಶನಿವಾರ ಮಧ್ಯಾಹ್ನ ಬರುವುದಾದರೆ ಮೂಲ ಚಿತ್ರವನ್ನು ತೆಗೆದಿಟ್ಟಿರುತ್ತೇನೆ. ಮನೆಯ ಹಿರಿಯರು ಯಾರಾದರೂ ಜೊತೆಗಿದ್ದರೆ ಒಳ್ಳೆಯದು. ನಮ್ಮ ವಿವರಣೆಯನ್ನು ಮುಂಚೆಯೇ ಅವರಿಗೆ ಓದಿ ಹೇಳಬೇಡಿ, ಮೊದಲು ಚಿತ್ರವನ್ನೇ ನೋಡಲಿ.

ವಂಶವೃಕ್ಷ

ನನ್ನ ಸೋದರತ್ತೆಯನ್ನು ಕರೆದುಕೊಂಡು ಬರುತ್ತೇನೆ. ನಮ್ಮ ಮುತ್ತಜ್ಜನಿಗೆ ಎಡಗೈಯ ಬೆರಳುಗಳೆಲ್ಲ ಇದ್ದವೋ ಇಲ್ಲವೋ ನನಗೆ ಗೊತ್ತಿಲ್ಲ, ಅತ್ತೆಗೆ ಗೊತ್ತಿದ್ದೀತು.